ಗುಂಡಿ ಒತ್ತುವ ಮುಂಚೆ, ಒತ್ತಿದ ಮೇಲೆ

ಮಾಲ್‌ನ ಕಿಯೋಸ್ಕ್‌ನಲ್ಲಿ ಪೋರ್ಟಬಲ್ ಬ್ಲೆಂಡರ್ ಮಾರುವವರ ಡೆಮೊ ಚುಟುಕಾಗಿರುತ್ತದೆ. ದಾರಿಯಲ್ಲಿ ಹೋಗುವ ಗಿರಾಕಿ ಹೆಚ್ಚು ಹೊತ್ತು ನಿಲ್ಲುವುದು ಅಪರೂಪ. ಈ ಬ್ಲೆಂಡರುಗಳಲ್ಲಿ ಹೆಚ್ಚಿನವು ಒಮ್ಮೆ ಗುಂಡಿ ಒತ್ತಿದರೆ 30–40 ಸೆಕೆಂಡು ತಿರುಗಿ ತಾವೇ ನಿಲ್ಲುತ್ತವೆ. ಒಳ್ಳೆಯ ಡೆಮೊದ ಮಾತನ್ನು ಆ ಅವಧಿಯ ಆಚೀಚೆಗೆ ಹಂಚಿರುತ್ತಾರೆ.

ಶುರುವಿನಲ್ಲಿ ಬೆಲೆಯ ಸುದ್ದಿ ಇಲ್ಲ. “ಮೇಡಂ, ಬೆಳಿಗ್ಗೆ ತಿಂಡಿಗೆ ಟೈಮ್ ಸಿಗಲ್ವಾ? ಒಂದು ನಿಮಿಷ ನೋಡಿ ಹೋಗಿ” ಎನ್ನುತ್ತಲೇ ಕೈ ಜಾರಿಗೆ 150 ಮಿಲಿ ತಣ್ಣನೆಯ ಹಾಲು ಸುರಿಯುತ್ತದೆ. ಆಮೇಲೆ ಅರ್ಧ ಬಾಳೆಹಣ್ಣಿನ ಹೋಳು, ನೆನೆಸಿ ಬೀಜ ತೆಗೆದ ಎರಡು ಖರ್ಜೂರ. “ಮೊದಲು ಹಾಲು, ಆಮೇಲೆ ಹಣ್ಣು. ಇಲ್ಲಾಂದ್ರೆ ಬ್ಲೇಡ್ ಸಿಕ್ಕಿಕೊಳ್ಳುತ್ತೆ.” ಈ ಮಾತು ಗಿರಾಕಿ ಮನೆಯಲ್ಲಿ ಮಾಡಬಹುದಾದ ಮೊದಲ ತಪ್ಪನ್ನು ಅಲ್ಲೇ ತಪ್ಪಿಸುತ್ತದೆ. ಜಾರ್ ಸರಿಯಾಗಿ ಕೂರದಿದ್ದರೆ ಮೋಟರ್ ಚಾಲೂ ಆಗುವುದಿಲ್ಲ ಎಂಬುದನ್ನು ಹೇಳುವುದಕ್ಕಿಂತ ತೋರಿಸುವುದು ಮೇಲು: ಜಾರನ್ನು ಸಡಿಲಿಸಿ ಗುಂಡಿ ಒತ್ತಿ, ಮತ್ತೆ ಬಿಗಿ ಮಾಡಿ ಒತ್ತುತ್ತಾರೆ. ಮಕ್ಕಳಿರುವ ಮನೆಯವರು ಇದನ್ನು ಗಮನಿಸುತ್ತಾರೆ.

ಬ್ಲೇಡ್ ತಿರುಗುವಾಗ ಸದ್ದಿನಲ್ಲಿ ಮಾತು ಕೇಳಿಸದು. ಅನುಭವಿಗಳು ಆಗ ಸುಮ್ಮನಿದ್ದು, ಹಣ್ಣು ಕರಗುವುದು ಕಾಣುವಂತೆ ಜಾರನ್ನು ಗಿರಾಕಿಯ ಕಡೆ ಹಿಡಿಯುತ್ತಾರೆ. ನಡುವೆ ಬ್ಲೇಡ್ ನಿಂತು ದೀಪ ಮಿನುಗಿದರೆ ಅದಕ್ಕೂ ಒಂದು ಮಾತು ಸಿದ್ಧವಿರುತ್ತದೆ: “ಖರ್ಜೂರ ಅಡ್ಡ ಬಂತು. ಆಫ್ ಮಾಡಿ, ಹೀಗೆ ಓರೆ ಮಾಡಿ ಅಲ್ಲಾಡಿಸಿ, ಮತ್ತೆ ಆನ್ ಮಾಡಿ.” ಅಡಚಣೆಯೂ ಹೀಗೆ ಡೆಮೊದ ಭಾಗವಾಗುತ್ತದೆ.

ಪುಟ್ಟ ಲೋಟದಲ್ಲಿ ರುಚಿ ಕೊಟ್ಟೊಡನೆ ಪ್ರಶ್ನೆ ಬರುತ್ತದೆ: “ಚಟ್ನಿ ಆಗುತ್ತಾ?” ಇಲ್ಲಿ ಹೌದು ಎಂದುಬಿಟ್ಟರೆ ವಾರದೊಳಗೆ ಗಿರಾಕಿ ವಸ್ತು ಹಿಂದಿರುಗಿಸಲು ಬಂದಾರು. ಮನೆಯ ಮಿಕ್ಸಿ ಸಾಮಾನ್ಯವಾಗಿ 500–750 ವ್ಯಾಟ್‌ನದು. ಸಣ್ಣ ಬ್ಯಾಟರಿಯಿಂದ ಓಡುವ ಈ ಮೋಟರಿಗೆ ಅಷ್ಟು ಬಲವಿಲ್ಲ. “ಇಲ್ಲ ಮೇಡಂ. ಚಟ್ನಿ, ಮಸಾಲೆ ಪುಡಿಗೆ ಮನೆಯ ಮಿಕ್ಸಿನೇ ಬೇಕು. ಇದು ಜ್ಯೂಸ್, ಮಿಲ್ಕ್‌ಶೇಕ್, ಮಜ್ಜಿಗೆಗೆ. ಬಿಸಿ ಹಾಲು ಮಾತ್ರ ಹಾಕಬೇಡಿ.” ಮುಚ್ಚಿದ ಜಾರಿನಲ್ಲಿ ಬಿಸಿ ದ್ರವ ತಿರುಗಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಚಿಮ್ಮಬಹುದು. ಏನಾಗುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿದವರ ಉಳಿದ ಮಾತನ್ನೂ ಗಿರಾಕಿ ನಂಬುತ್ತಾರೆ.

ಕೊನೆಗೆ ತೊಳೆಯುವುದು. ಜಾರಿಗೆ ನೀರು, ಒಂದು ಹನಿ ಪಾತ್ರೆ ಸೋಪು ಹಾಕಿ ಮತ್ತೊಮ್ಮೆ ತಿರುಗಿಸಿದರೆ ಕೆಲಸ ಮುಗಿಯಿತು. “ಕೆಳಗಿನ ಭಾಗದಲ್ಲಿ ಮೋಟರ್, ಬ್ಯಾಟರಿ ಇದೆ. ಅದನ್ನ ನೀರಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.” ಚಾರ್ಜಿಂಗ್ ಕೇಬಲ್ ತೋರಿಸಿ, ಬ್ಲೆಂಡರನ್ನು ಗಿರಾಕಿಯ ಕೈಗಿಟ್ಟು ಗುಂಡಿಯನ್ನು ಅವರಿಂದಲೇ ಒತ್ತಿಸುತ್ತಾರೆ. ಬೆಲೆ ಮತ್ತು ವಾರಂಟಿಯ ಮಾತು ಅದಾದ ಮೇಲೆ.