ನೆಟ್ ಚೆನ್ನಾಗಿದ್ದರೂ ಫೈಲ್ ಸಿಂಕ್ ಆಗದೆ ನಿಲ್ಲುವುದೇಕೆ?

ಕಂಪ್ಯೂಟರಿನ ಮೂಲೆಯಲ್ಲಿರುವ ಮೋಡದ ಚಿಹ್ನೆ ಗಂಟೆಗಟ್ಟಲೆ ಸುತ್ತುತ್ತಲೇ ಇರುತ್ತದೆ. ಇಲ್ಲವೇ ಅದರ ಮೇಲೆ ಕೆಂಪು ಗುರುತು ಕಾಣಿಸಿಕೊಳ್ಳುತ್ತದೆ. ಆಗ ಹೆಚ್ಚಿನವರು ಬೈಯುವುದು ಇಂಟರ್ನೆಟ್ಟನ್ನು. ಆದರೆ ಬೇರೆಲ್ಲ ಫೈಲುಗಳು ಹೋಗಿ ಒಂದೆರಡು ಮಾತ್ರ ಉಳಿದಿದ್ದರೆ, ತೊಂದರೆ ನೆಟ್‌ನದ್ದಲ್ಲ, ಆ ಫೈಲಿನದ್ದೇ ಇರಬಹುದು. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಕಾರಣಗಳನ್ನು ನೋಡೋಣ.

ಸಿಂಕ್ ಎಂದರೆ ಫೈಲನ್ನು ಮೇಲಕ್ಕೆ ಕಳಿಸುವುದಷ್ಟೇ ಅಲ್ಲ. ಅದೇ ಹೆಸರಿನಲ್ಲಿ, ಅದೇ ಫೋಲ್ಡರಿನೊಳಗೆ, ನಿಮ್ಮ ಉಳಿದ ಎಲ್ಲ ಕಂಪ್ಯೂಟರುಗಳಲ್ಲೂ ಅದನ್ನು ಇಡಬೇಕು. ಹಾಗಾಗಿ ಅವುಗಳಲ್ಲಿ ಯಾವುದರ ನಿಯಮ ಅತ್ಯಂತ ಬಿಗಿಯೋ ಅದನ್ನೇ ಎಲ್ಲರೂ ಪಾಲಿಸಬೇಕಾಗುತ್ತದೆ.

ಹೆಸರಿನಲ್ಲಿ ಬರಬಾರದ ಚಿಹ್ನೆಗಳು

ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಈ ಒಂಬತ್ತು ಚಿಹ್ನೆಗಳನ್ನು ಬಳಸುವಂತಿಲ್ಲ. ಒನ್‌ಡ್ರೈವ್ ಕೂಡ ಇವನ್ನು ಒಪ್ಪುವುದಿಲ್ಲ:

```
" * : < > ? / \ |
```

ಇವಕ್ಕೆ ಮೊದಲೇ ಬೇರೆ ಕೆಲಸ ಗೊತ್ತಾಗಿದೆ. `\` ಒಂದು ಫೋಲ್ಡರನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. `C:` ಎಂಬಲ್ಲಿ ಕೋಲನ್ ಡ್ರೈವ್‌ನ ಗುರುತು. `*` ಮತ್ತು `?` ಹುಡುಕುವಾಗ 'ಯಾವುದಾದರೂ ಅಕ್ಷರ' ಎಂಬ ಅರ್ಥ ಕೊಡುತ್ತವೆ.

ಮ್ಯಾಕ್ ಇಷ್ಟು ಬಿಗಿಯಲ್ಲ. ಅಲ್ಲಿ ಒಬ್ಬರು ಸಮಾರಂಭದ 40 ಫೋಟೋಗಳನ್ನು `12/03/2024` ಎಂಬ ಫೋಲ್ಡರಿಗೆ ಹಾಕಿದರು ಎನ್ನಿ. ಮ್ಯಾಕ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಆದರೆ ಆ ಫೋಲ್ಡರೇ ಮೇಲೆ ಹೋಗದ ಕಾರಣ, ಒಳಗಿನ ಫೋಟೋಗಳ ಹೆಸರು ಸರಿಯಾಗಿದ್ದರೂ 40ಕ್ಕೆ 40 ಅಲ್ಲೇ ಉಳಿಯುತ್ತವೆ. ಹೆಸರನ್ನು `2024-03-12` ಎಂದು ಬದಲಿಸಿದರೆ ಸಾಕು. ಫೋಲ್ಡರುಗಳು ದಿನಾಂಕದ ಕ್ರಮದಲ್ಲಿಯೂ ಸಾಲಾಗಿ ನಿಲ್ಲುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ಕಾರಣವಿದೆ: ಹೆಸರಿನ ಮೊದಲಲ್ಲಿ ಅಥವಾ ಕೊನೆಯಲ್ಲಿ ಉಳಿದ ಖಾಲಿ ಜಾಗ. ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿದ ಹೆಸರುಗಳಲ್ಲಿ ಇದು ಸುಲಭವಾಗಿ ಸೇರಿಕೊಳ್ಳುತ್ತದೆ.

ಉದ್ದ ಹೆಚ್ಚಾದ ದಾರಿ

ಫೈಲಿನ ಹೆಸರಿನ ಜೊತೆಗೆ ಅದಕ್ಕಿಂತ ಮೇಲಿನ ಎಲ್ಲ ಫೋಲ್ಡರುಗಳ ಹೆಸರೂ ಸೇರಿದರೆ ಅದು ಫೈಲಿನ ಪಾತ್. ಒನ್‌ಡ್ರೈವ್‌ನಲ್ಲಿ ಇದು 400 ಅಕ್ಷರ ದಾಟಬಾರದು. ವಿಂಡೋಸ್‌ನ ಹಳೆಯ ಮಿತಿ 260. ಅದರಲ್ಲಿ ಒಂದು ಕೊನೆಯ ಗುರುತಿಗೆ ಮೀಸಲಾಗಿರುವುದರಿಂದ ನಮಗೆ ಸಿಗುವುದು 259. ವಿಂಡೋಸ್ 10ರಲ್ಲಿ ಈ ಮಿತಿಯನ್ನು ಸಡಿಲಿಸುವ ಸೆಟ್ಟಿಂಗ್ ಬಂದಿದೆ, ಆದರೆ ಬಳಸುವ ಪ್ರೋಗ್ರಾಂ ಕೂಡ ಅದಕ್ಕೆ ಸಿದ್ಧವಾಗಿರಬೇಕು.

ಒಬ್ಬರ ಕಂಪ್ಯೂಟರಿನಲ್ಲಿ ತೆರೆಯುವ ಫೈಲು ಇನ್ನೊಬ್ಬರಲ್ಲಿ ತೆರೆಯದಿರಲು ಇದೂ ಒಂದು ಕಾರಣ. ಒಳಗಿನ ಪಾತ್ 230 ಅಕ್ಷರ ಇದೆ ಎಂದುಕೊಳ್ಳಿ. ಒಂದು ಕಂಪ್ಯೂಟರಿನಲ್ಲಿ ಅದರ ಮುಂದೆ `C:\Users\Office\OneDrive\` ಸೇರುತ್ತದೆ. ಅದು 25 ಅಕ್ಷರ, ಒಟ್ಟು 255. ಇನ್ನೊಂದರಲ್ಲಿ `C:\Users\Lakshminarayana\OneDrive\` ಸೇರುತ್ತದೆ. ಅದು 34, ಒಟ್ಟು 264. ಫೈಲು ಅದೇ, ಮಿತಿ ಮಾತ್ರ ದಾಟಿತು.

ಕನ್ನಡದಲ್ಲಿ ಹೆಸರಿಡುವವರು ಇನ್ನೊಂದು ವಿಷಯ ಗಮನಿಸಬೇಕು. 'ಕ್ಷೇತ್ರ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರು ವ್ಯಂಜನ, ವಿರಾಮ ಚಿಹ್ನೆ, ಸ್ವರ ಚಿಹ್ನೆಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕುವುದರಿಂದ ಅದಕ್ಕೆ ಏಳು. ಚಿಕ್ಕದಾಗಿ ಕಾಣುವ ಕನ್ನಡದ ಹೆಸರೂ ಮಿತಿಯನ್ನು ಬೇಗ ಮುಟ್ಟಬಹುದು.

ಬೇರೆ ಪ್ರೋಗ್ರಾಂನಲ್ಲಿ ತೆರೆದಿರುವ ಫೈಲು

ಕೆಲವು ಪ್ರೋಗ್ರಾಂಗಳು ಫೈಲನ್ನು ತೆರೆಯುವಾಗ 'ನಾನು ಮುಗಿಸುವವರೆಗೆ ಬೇರೆ ಯಾರೂ ಮುಟ್ಟಬಾರದು' ಎಂದು ಬೀಗ ಹಾಕುತ್ತವೆ. ಬರೆಯುವುದು ಅರ್ಧಕ್ಕೆ ಬಂದಾಗ ಇನ್ನೊಬ್ಬರು ಓದಿದರೆ ಅರೆಬರೆ ಪ್ರತಿ ಸಿಗುತ್ತದೆ ಎಂಬುದು ಇದಕ್ಕೆ ಕಾರಣ. ಔಟ್‌ಲುಕ್‌ನ `.pst` ಫೈಲು ಇದಕ್ಕೆ ಒಳ್ಳೆಯ ಉದಾಹರಣೆ. ಔಟ್‌ಲುಕ್ ಮುಚ್ಚುವವರೆಗೂ ಸಿಂಕ್ ಕಾಯಬೇಕು. ಕಿಟಕಿ ಮುಚ್ಚಿದ ಮೇಲೂ ಪ್ರೋಗ್ರಾಂ ಹಿಂದೆ ಓಡುತ್ತಿರಬಹುದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಕಾಣುತ್ತದೆ.

ಕಾರಣ ಪತ್ತೆ ಹೇಗೆ?

ಮೋಡದ ಚಿಹ್ನೆಯನ್ನು ಒತ್ತಿದರೆ ತೊಂದರೆಯಲ್ಲಿರುವ ಫೈಲಿನ ಹೆಸರು ಸಿಗುತ್ತದೆ. ಆ ಪ್ರೋಗ್ರಾಂ ಮುಚ್ಚಿದೊಡನೆ ಫೈಲು ಹೋದರೆ ಕಾರಣ ಬೀಗ. ಹೋಗದಿದ್ದರೆ, ಫೈಲಿನ ಒಂದು ಪ್ರತಿಗೆ `test1` ಎಂಬಂಥ ಸರಳ ಹೆಸರಿಟ್ಟು, ಈಗಿರುವ ಫೋಲ್ಡರಿನಲ್ಲೇ ಬಿಡಿ. ಅದು ಹೋದರೆ ತೊಂದರೆ ಫೈಲಿನ ಹೆಸರಿನಲ್ಲಿದೆ. ಅದೂ ಹೋಗದೆ, ಒನ್‌ಡ್ರೈವ್‌ನ ಹೊರಗಿನ ಮೊದಲ ಫೋಲ್ಡರಿಗೆ ಸರಿಸಿದಾಗ ಹೋದರೆ, ಮೇಲಿನ ಫೋಲ್ಡರುಗಳ ಹೆಸರು ಅಥವಾ ಪಾತ್‌ನ ಉದ್ದವನ್ನು ನೋಡಿ.

ಒಂದು ಎಚ್ಚರಿಕೆ: ಸಿಂಕ್ ಆಗದ ಫೈಲು ಇರುವುದು ಆ ಒಂದೇ ಕಂಪ್ಯೂಟರಿನಲ್ಲಿ. ಕೆಂಪು ಗುರುತು ಹೋಗುವ ಮೊದಲು ಅದನ್ನು ಅಳಿಸಿದರೆ ಅಥವಾ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದರೆ, ಮೋಡದಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ.