ಇಂದು ಕಟ್ಟದ ತೆರಿಗೆ ನಾಳೆಯ ಹೊಣೆ

ಕಂಪನಿಯೊಂದರ ಲಾಭ-ನಷ್ಟ ಪಟ್ಟಿಯಲ್ಲಿ ಲಾಭ 10 ಲಕ್ಷ ರೂಪಾಯಿ ಎಂದಿದ್ದರೂ, ಆದಾಯ ತೆರಿಗೆಯ ಲೆಕ್ಕದಲ್ಲಿ ಅದೇ ವರ್ಷದ ಲಾಭ 7.5 ಲಕ್ಷವೇ ಇರಬಹುದು. ಇದರಲ್ಲಿ ಕಳ್ಳಲೆಕ್ಕ ಇರಬೇಕೆಂದಿಲ್ಲ. ಖರ್ಚು ಒಂದೇ, ಅದನ್ನು ಯಾವ ವರ್ಷಕ್ಕೆ ಎಷ್ಟು ಹಾಕಬೇಕು ಎಂಬ ನಿಯಮ ಬೇರೆ.

ಒಂದು ಸಣ್ಣ ಕಂಪನಿ 30 ಲಕ್ಷಕ್ಕೆ ಯಂತ್ರ ಕೊಂಡಿತು ಎನ್ನೋಣ. ಅದು 15 ವರ್ಷ ಬಾಳುತ್ತದೆಂದು ತನ್ನ ಪುಸ್ತಕದಲ್ಲಿ ವರ್ಷಕ್ಕೆ 2 ಲಕ್ಷ ಸವಕಳಿ ಬರೆಯುತ್ತದೆ. ತೆರಿಗೆ ಕಾನೂನು ಇಂಥ ಯಂತ್ರಕ್ಕೆ ಸಾಮಾನ್ಯವಾಗಿ, ಉಳಿದ ಬೆಲೆಯ ಮೇಲೆ ಪ್ರತಿ ವರ್ಷ ಶೇ. 15ರಷ್ಟು ಸವಕಳಿ ಕೊಡುತ್ತದೆ. ಮೊದಲ ವರ್ಷ ಅದು 4.5 ಲಕ್ಷ. ಸವಕಳಿಗೆ ಮುಂಚಿನ ಲಾಭ 12 ಲಕ್ಷವಾದರೆ, ಪುಸ್ತಕದ ಲಾಭ 10 ಲಕ್ಷ, ತೆರಿಗೆಯ ಲಾಭ 7.5 ಲಕ್ಷ. ಸುಲಭಕ್ಕೆ ಶೇ. 25 ದರ ಹಿಡಿದರೆ ಕಟ್ಟುವ ತೆರಿಗೆ 1,87,500 ರೂಪಾಯಿ.

ಆದರೆ 10 ಲಕ್ಷ ಲಾಭಕ್ಕೆ ತಕ್ಕ ತೆರಿಗೆ 2,50,000. ನಡುವಿನ 62,500 ಮನ್ನಾ ಆದದ್ದಲ್ಲ, ಮುಂದಕ್ಕೆ ಹೋದದ್ದು. ಅದನ್ನು ಈ ವರ್ಷದ ಖರ್ಚಾಗಿ ತೋರಿಸಿ, ಬ್ಯಾಲೆನ್ಸ್ ಶೀಟಿನಲ್ಲಿ ಮುಂದೂಡಿದ ತೆರಿಗೆ ಹೊಣೆ ಎಂದು ಬರೆಯಬೇಕು. ಹಾಗೆ ಬರೆಯದಿದ್ದರೆ ಈ ವರ್ಷದ ನಿವ್ವಳ ಲಾಭ ಉಬ್ಬಿ ಕಾಣುತ್ತದೆ, ಮುಂದಿನ ವರ್ಷಗಳದ್ದು ಕುಗ್ಗಿ ಕಾಣುತ್ತದೆ.

ತೆರಿಗೆ ಲೆಕ್ಕದ ಸವಕಳಿ ವರ್ಷ ವರ್ಷ ಇಳಿಯುತ್ತದೆ. ಆರನೆಯ ವರ್ಷ ಅದು 2 ಲಕ್ಷಕ್ಕಿಂತ ಕೊಂಚ ಕೆಳಗೆ ಬರುತ್ತದೆ. ಐದನೆಯ ವರ್ಷದ ಕೊನೆಗೆ ಸುಮಾರು 1.67 ಲಕ್ಷಕ್ಕೆ ಏರಿದ್ದ ಹೊಣೆ ಅಲ್ಲಿಂದ ಕರಗತೊಡಗುತ್ತದೆ. ಕಂಪನಿ ಹೊಸ ಯಂತ್ರಗಳನ್ನು ಕೊಳ್ಳುತ್ತಲೇ ಇದ್ದರೆ ಮಾತ್ರ ಒಟ್ಟು ಹೊಣೆ ಇಳಿಯದೆ ಬೆಳೆಯಬಹುದು.

ಎಲ್ಲ ವ್ಯತ್ಯಾಸಕ್ಕೂ ಈ ಲೆಕ್ಕ ಸಲ್ಲದು. ಕಾನೂನು ಮುರಿದದ್ದಕ್ಕೆ ಕಟ್ಟಿದ ದಂಡವನ್ನು ತೆರಿಗೆ ಲೆಕ್ಕ ಎಂದೂ ಖರ್ಚೆಂದು ಒಪ್ಪುವುದಿಲ್ಲ. ಮುಂದೆ ಸರಿಹೋಗದ ಅಂತರಕ್ಕೆ ಮುಂದೂಡಿದ ತೆರಿಗೆಯೂ ಇಲ್ಲ.

ಇದರ ಮಗ್ಗುಲಿನದೇ ಮುಂದೂಡಿದ ತೆರಿಗೆ ಆಸ್ತಿ. ಬ್ಯಾಂಕು ವಸೂಲಾಗದ ಸಾಲಕ್ಕೆ ಇಂದೇ ಹಣ ತೆಗೆದಿಟ್ಟು ಖರ್ಚು ಬರೆಯುತ್ತದೆ. ಅದರ ಬಹುಪಾಲಿಗೆ ತೆರಿಗೆ ವಿನಾಯಿತಿ ಸಿಗುವುದು ಆಮೇಲೆ. ಬರಲಿರುವ ಆ ಉಳಿತಾಯವೇ ಆಸ್ತಿ. ಅದರ ಬೆಲೆ ತೆರಿಗೆ ದರವನ್ನು ನೆಚ್ಚಿರುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನು ಶೇ. 22ಕ್ಕೆ ಇಳಿಸಿ, ಬೇಕಾದವರು ಆರಿಸಿಕೊಳ್ಳಲಿ ಎಂದಿತು. ಅದನ್ನು ಒಪ್ಪಿದ ಐಸಿಐಸಿಐ ಬ್ಯಾಂಕ್ ಆ ತ್ರೈಮಾಸಿಕದಲ್ಲಿ ಇಂಥ ಆಸ್ತಿಯ ಬೆಲೆ ತಗ್ಗಿಸಿ 2,920 ಕೋಟಿ ರೂಪಾಯಿ ಹೆಚ್ಚುವರಿ ಖರ್ಚು ತೋರಿಸಿತು. ನಿವ್ವಳ ಲಾಭ 655 ಕೋಟಿಗೆ ನಿಂತಿತು. ಒಂದು ತ್ರೈಮಾಸಿಕದ ಲಾಭ ಕುಸಿದಾಗ ಕೆಟ್ಟದ್ದು ವ್ಯಾಪಾರವೋ, ಬದಲಾದದ್ದು ಬರೀ ದರವೋ ಎಂದು ತಿಳಿಯಲು, ಹೂಡಿಕೆದಾರರು ವರದಿಯ ತೆರಿಗೆ ಟಿಪ್ಪಣಿಯಲ್ಲಿ ಈ ಸಾಲನ್ನು ಓದಬೇಕು.