ನಲವತ್ತಕ್ಕೂ ಮೊದಲೇ ಮುಟ್ಟು ನಿಂತರೆ

ನಮ್ಮ ಕಡೆಯ ತಾಯಂದಿರು ಹೊಲದ ಕೆಲಸದ ನಡುವೆ ಮುಟ್ಟು ತಪ್ಪಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಸುರಿಯಲ್ಲವೆಂದು ಖಚಿತವಾದರೆ ರಗಳೆ ತಪ್ಪಿತು ಎನ್ನುವವರೇ ಹೆಚ್ಚು. ಆದರೆ ನಲವತ್ತು ವರ್ಷಕ್ಕೆ ಮೊದಲೇ ಅಂಡಾಶಯದ ಕೆಲಸ ಕುಂದುವುದು ಒಂದು ಕಾಯಿಲೆಯೇ ಸರಿ.

ಮೂವತ್ತನಾಲ್ಕು ವರ್ಷದ ಒಬ್ಬ ಹೆಣ್ಣುಮಗಳೆಂದು ಇಟ್ಟುಕೊಳ್ಳೋಣ. ಒಂದು ವರ್ಷದಿಂದ ಮುಟ್ಟು ಹಿಂದುಮುಂದಾಗುತ್ತಿತ್ತು, ಈಗ ಐದು ತಿಂಗಳಿಂದ ಇಲ್ಲ. ರಾತ್ರಿ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ, ನಿದ್ದೆಯಿಲ್ಲ. ಔಷಧದಂಗಡಿಯಿಂದ ತಂದ ಮಾತ್ರೆ ನುಂಗಿದಾಗ ರಕ್ತಸ್ರಾವವಾಯಿತು, 'ಸರಿಹೋಯಿತು' ಎಂದುಕೊಂಡಳು. ಇಲ್ಲೇ ಮೋಸ. ಆ ಸ್ರಾವ ಮಾತ್ರೆಯದು. ಅಂಡಾಶಯ ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ವೈದ್ಯರು ಮೊದಲು ಗರ್ಭ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸುತ್ತಾರೆ. ನಂತರ ಎಫ್.ಎಸ್.ಎಚ್. ನೋಡುತ್ತಾರೆ. ಇದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಕಳುಹಿಸುವ ಹಾರ್ಮೋನು. ಬಾವಿಯಲ್ಲಿ ನೀರು ಇಳಿದಷ್ಟೂ ಪಂಪು ಹೆಚ್ಚು ಹೊತ್ತು ಓಡುವಂತೆ, ಅಂಡಾಶಯ ಸೋತಷ್ಟೂ ಇದು ಏರುತ್ತದೆ. ನಾಲ್ಕು ತಿಂಗಳಾದರೂ ಮುಟ್ಟು ನಿಂತಿದ್ದು ಅಥವಾ ಏರುಪೇರಾಗಿದ್ದು, ಇದರ ಮಟ್ಟ 25 ಮೀರಿದ್ದರೆ ರೋಗವೆಂದು ತಿಳಿಯುತ್ತಾರೆ. ಹಿಂದೆ ಎರಡು ಸಲ ಪರೀಕ್ಷಿಸಬೇಕಿತ್ತು. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಒಮ್ಮೆ ಸಾಕು, ಸಂಶಯವಿದ್ದರೆ ಮಾತ್ರ ನಾಲ್ಕಾರು ವಾರ ಬಿಟ್ಟು ಮತ್ತೊಮ್ಮೆ. ಗರ್ಭನಿರೋಧಕ ಗುಳಿಗೆ ನುಂಗುತ್ತಿರುವಾಗ ಈ ಮಟ್ಟ ಸುಳ್ಳಾಗಿ ಕಡಿಮೆ ತೋರಬಹುದಾದ್ದರಿಂದ ಅದನ್ನು ವೈದ್ಯರಿಗೆ ಮುಚ್ಚಿಡಬಾರದು. ನಮ್ಮ ಹೆಣ್ಣುಮಗಳಿಗೆ 68 ಬಂತು. ಕಾರಣ ಹುಡುಕಲು ವರ್ಣತಂತು ಪರೀಕ್ಷೆಯನ್ನೂ ಹೇಳುತ್ತಾರೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ನಿಜವಾದ ನಷ್ಟ ಮುಟ್ಟಿನದಲ್ಲ, ಈಸ್ಟ್ರೋಜನ್‌ನದು. ಮೂಳೆ ಕರಗುವುದನ್ನು ಅದು ತಡೆಯುತ್ತದೆ. ಅದಿಲ್ಲದೆ ಹದಿನೈದು ವರ್ಷ ಕಳೆದರೆ, ಐವತ್ತರ ಹೊತ್ತಿಗೆ ಹುಲ್ಲಿನ ಹೊರೆ ಎತ್ತುವಾಗಲೇ ಬೆನ್ನುಮೂಳೆ ಕುಸಿಯಬಹುದು. ಮುರಿಯುವವರೆಗೆ ನೋವೇ ಇರುವುದಿಲ್ಲವಾದ್ದರಿಂದ ರೋಗ ತಿಳಿದಾಗಲೇ ಡೆಕ್ಸಾ ಎಂಬ ಮೂಳೆಯ ಸ್ಕ್ಯಾನ್ ಮಾಡಿಸುವುದು ಲೇಸು. ಹೃದಯದ ರಕ್ತನಾಳದ ಕಾಯಿಲೆಯ ಅಪಾಯವೂ ಹೆಚ್ಚು. ಚಿಕ್ಕ ಪ್ರಾಯದಲ್ಲಿ ಗರ್ಭಕೋಶದೊಂದಿಗೆ ಎರಡೂ ಅಂಡಾಶಯ ತೆಗೆಸಿಕೊಂಡವರಿಗೂ ಇದೇ ಗತಿ, ಅದೂ ಒಂದೇ ದಿನದಲ್ಲಿ.

ರಾಗಿ, ಎಳ್ಳು, ಹಾಲು ಮೂಳೆಗೆ ಬೇಕು, ಆದರೆ ಅವು ಈಸ್ಟ್ರೋಜನ್ ಆಗಲಾರವು. ತಡೆಯಿಲ್ಲದವರಿಗೆ ವೈದ್ಯರು ಈಸ್ಟ್ರೋಜನ್ನನ್ನೇ ಮಾತ್ರೆ ಅಥವಾ ಪಟ್ಟಿಯ ರೂಪದಲ್ಲಿ, ಸಹಜವಾಗಿ ಮುಟ್ಟು ನಿಲ್ಲುವ ಐವತ್ತರ ಆಸುಪಾಸಿನವರೆಗೆ ಕೊಡುತ್ತಾರೆ. ಗರ್ಭಕೋಶವಿದ್ದರೆ ಜೊತೆಗೆ ಪ್ರೊಜೆಸ್ಟರೋನ್ ಬೇಕೇ ಬೇಕು, ಇಲ್ಲವಾದರೆ ಒಳಪದರ ಅತಿಯಾಗಿ ಬೆಳೆದು ಕ್ಯಾನ್ಸರಿಗೆ ದಾರಿಯಾದೀತು. 'ಹಾರ್ಮೋನು ಕೆಟ್ಟದ್ದು' ಎಂಬ ಮಾತು ಹೆಚ್ಚಾಗಿ ಹಬ್ಬಿದ್ದು ಐವತ್ತು ದಾಟಿದವರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಿಂದ. ಮೂವತ್ತರ ಹೆಂಗಸಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆಕೆಗೆ ಸಿಗುವುದು ಆ ಪ್ರಾಯದಲ್ಲಿ ದೇಹದಲ್ಲೇ ಇರಬೇಕಾಗಿದ್ದ ಹಾರ್ಮೋನು.

ಇನ್ನೊಂದು ಮಾತು. ಈ ಅಂಡಾಶಯ ಪೂರ್ತಿ ಸತ್ತಿರುವುದಿಲ್ಲ, ಕೆಲವೊಮ್ಮೆ ತಾನಾಗಿಯೇ ಕೆಲಸ ಮಾಡೀತು. ನೂರರಲ್ಲಿ ಐದಾರು ಮಂದಿ ಚಿಕಿತ್ಸೆಯಿಲ್ಲದೆಯೇ ಗರ್ಭ ಧರಿಸುವುದುಂಟು. ಆದುದರಿಂದ ಬಂಜೆ ಎಂಬ ಮಾತು ಅತ್ತೆಮನೆಯವರ ಬಾಯಲ್ಲಿ ಬರುವ ಮೊದಲು, ವೈದ್ಯರು ಹೇಳುವುದನ್ನು ಗಂಡನೂ ಜೊತೆಗೆ ಕುಳಿತು ಕೇಳಲಿ.